ತಾಮ್ರದ ಗುಂಡಿನ ನಡುವಿನ ಚಾರ್ಜ್ ಅಷ್ಟು ಬೇಗ ಹೊರಗ ಹೆಂಗ ಬರತೈತಿ?

ಸಿಂದಗಿ_ಹುಡುಗ

ಎಲ್ಲಾರಿಗೂ ನಮಸ್ಕಾರ. ನಾನು ವಿಜಯಪುರದಾಗ ಬಿ.ಎಸ್ಸಿ. ಕಡೇ ವರ್ಷ ಓದಾಕತ್ತೀನಿ. ಒಂದು ಲೆಕ್ಕ ಮೂರು ದಿನದಿಂದ ತಲಿ ತಿನ್ನಾಕತ್ತೈತಿ.

ವಾಹಕದ ಒಳಗ ಹೆಚ್ಚಿನ ಚಾರ್ಜ್ ಇಟ್ಟರ ಅದು ನಿಲ್ಲೂದಿಲ್ಲ, e^(-t/τ) ಲೆಕ್ಕದಾಗ ಕಮ್ಮಿ ಆಕ್ಕೋಂತ ಹೋಗಿ ಎಲ್ಲಾ ಮೈಮೇಲೆ ಬರತೈತಿ ಅಂತ ಕ್ಲಾಸಿನ್ಯಾಗ ಹೇಳ್ಯಾರ. τ ಅಂದ್ರ ε/σ, ಇಲ್ಲಿ ε ಅಂದ್ರ ವಸ್ತುವಿನ ಪರ್ಮಿಟಿವಿಟಿ, σ ಅಂದ್ರ ವಾಹಕತೆ. ತಾಮ್ರಕ್ಕ ಹಾಕಿ ನೋಡಿದೆ:

τ = 8.85×10⁻¹² / 5.8×10⁷ ≈ 1.5×10⁻¹⁹ s

ಇಷ್ಟು ಹೊತ್ತಿನ್ಯಾಗ ಬೆಳಕು ಎಷ್ಟು ದೂರ ಹೋಗತೈತಿ ಅಂತ ಸುಮ್ನ ಗುಣಿಸಿದೆ. 4.5×10⁻¹¹ ಮೀಟರ್ ಬಂತು. ತಾಮ್ರದಾಗ ಎರಡು ಪರಮಾಣು ನಡುವಿನ ಅಂತರನ ಇದಕ್ಕಿಂತ ಐದು ಪಟ್ಟಿಗೂ ಜಾಸ್ತಿ! 1 ಸೆಂ.ಮೀ. ತ್ರಿಜ್ಯದ ಗುಂಡಿನ ನಡುವಿನ ಚಾರ್ಜ್ ಬೆಳಕಿಗಿಂತ ಮುಂಚೆ ಮೈಮೇಲೆ ಹೆಂಗ ಮುಟ್ಟತೈತಿ? ಸೂತ್ರ ತಪ್ಪೋ, ನನ್ನ ತಿಳುವಳಿಕೆ ತಪ್ಪೋ? ನಮ್ಮ ಸರ್‌ಗೆ ಕೇಳಿದ್ರ "ಅದು ಭಾಳ ಫಾಸ್ಟ್ ಅಂತ ತಿಳ್ಕೋ ಸಾಕು" ಅಂದ್ರು. ನಂಗ ಸಾಕಾಗವಲ್ದು.

ಎಲೆಕ್ಟ್ರಿಕಲ್_ಬಸು

ತಮ್ಮಾ, ಇದು RC ಟೈಮ್ ಕಾನ್‌ಸ್ಟಂಟ್ ಅಷ್ಟ. ಕೆಪ್ಯಾಸಿಟರ್ ಡಿಸ್ಚಾರ್ಜ್ ಆಗೂದು ನೋಡಿಲ್ಲೇನು? R ಕಮ್ಮಿ ಇದ್ರ ಲಗೂನ ಖಾಲಿ ಆಗತೈತಿ. ತಾಮ್ರದ R ಭಾಳ ಕಮ್ಮಿ, ಅದಕ್ಕ τ ಸಣ್ಣದು. ಗುಂಡು ದೊಡ್ಡದಾದ್ರ R ಬದಲಾಗತೈತಿ, C ಬದಲಾಗತೈತಿ, ಹಂಗಾಗಿ ಟೈಮೂ ಜಾಸ್ತಿ ಆಗತೈತಿ. ನಿನ್ನ ಪ್ರಶ್ನೆಗೆ ಉತ್ತರ ಅದ: ದೊಡ್ಡ ಗುಂಡಿಗೆ ಬ್ಯಾರೆ τ. ಒಳಗಿನ ಚಾರ್ಜ್‌ಗಳು ಒಂದಕ್ಕೊಂದು ದೂಡಾಡಿಕೋತ, ಜಾತ್ರಿಯೊಳಗಿನ ಮಂದಿ ಚದುರಿದಂಗ ಮೆಲ್ಲಕ ಹೊರಗ ಬರತಾವ.

ತಿಳಕವಾಡಿ_ಮೇಷ್ಟ್ರು

ಬಸು ಅವರೇ, RC ಅನ್ನುವ ನಿಮ್ಮ ಮಾತು ಸರಿ. ಆದರೆ ಅದರ ಮುಂದಿನ ಎರಡೂ ಮಾತು ಸರಿಯಿಲ್ಲ. ತಾಮ್ರದ ಒಂದು ತುಂಡನ್ನು ತಗೊಳ್ಳಿ, ಉದ್ದ d, ಅಡ್ಡಕೊಯ್ತ A. ಅದರ R ಎಂದರೆ d/(σA). ಅದೇ ಜಾಗದ C ಎಂದರೆ εA/d. ಗುಣಿಸಿದರೆ d ಹೋಯಿತು, A ಹೋಯಿತು, ಉಳಿದದ್ದು ε/σ ಮಾತ್ರ. ತುಂಡು ಸಾಸಿವೆಯಷ್ಟಿರಲಿ, ಗೋಳಗುಮ್ಮಟದಷ್ಟಿರಲಿ, τ ಒಂದೇ. ಅದು ಆಕಾರದ ಗುಣವಲ್ಲ, ವಸ್ತುವಿನ ಗುಣ.

ಇನ್ನು ಜಾತ್ರೆಯ ಮಂದಿ. ಹುಡುಗನ ತೊಡಕೆಲ್ಲ ಆ ಚಿತ್ರದಲ್ಲೇ ಇದೆ, ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ವಾಹಕದ ಒಳಗೆ ಒಂದು ಚಿಕ್ಕ ಡಬ್ಬಿಯಷ್ಟು ಜಾಗವನ್ನು ಮನಸ್ಸಿನಲ್ಲೇ ಗುರುತು ಮಾಡಿಕೊಳ್ಳಿ. ಅದರೊಳಗೆ ಹೆಚ್ಚುವರಿ ಚಾರ್ಜ್ q ಇದೆ. ಗೌಸ್ ನಿಯಮದ ಪ್ರಕಾರ ಡಬ್ಬಿಯ ಗೋಡೆಗಳಿಂದ ಹೊರಗೆ ಹೋಗುವ ಫ್ಲಕ್ಸ್ ಒಟ್ಟು q/ε. ಪಕ್ಕದ ಚಾರ್ಜ್‌ಗಳ ಕ್ಷೇತ್ರವೂ ಈ ಡಬ್ಬಿಯನ್ನು ಹಾಯುತ್ತದಲ್ಲ ಎಂದರೆ, ಹಾಯುತ್ತದೆ. ಆದರೆ ಒಂದು ಗೋಡೆಯಿಂದ ಎಷ್ಟು ಒಳಗೆ ಬಂತೋ ಇನ್ನೊಂದರಿಂದ ಅಷ್ಟೇ ಹೊರಗೆ ಹೋಗುತ್ತದೆ, ನಿವ್ವಳ ಸೊನ್ನೆ. ಓಮ್ ನಿಯಮದಂತೆ ಕರೆಂಟ್ ಎಂದರೆ ಕ್ಷೇತ್ರದ σ ಪಟ್ಟು. ಹಾಗಾಗಿ ಡಬ್ಬಿಯಿಂದ ಸೆಕೆಂಡಿಗೆ ಹೊರಬೀಳುವ ಚಾರ್ಜ್ (σ/ε)q. ಸಾಲಗಾರ ಪ್ರತಿ ತಿಂಗಳು ಬಾಕಿ ಇದ್ದದ್ದರಲ್ಲಿ ಇಷ್ಟು ಪಾಲು ಎಂದು ಕಟ್ಟುತ್ತಾ ಹೋದ ಹಾಗೆ. ಬಾಕಿ ಕಡಿಮೆಯಾದಂತೆ ಕಟ್ಟುವುದೂ ಕಡಿಮೆ. ಎಕ್ಸ್‌ಪೊನೆನ್ಶಿಯಲ್ ಹುಟ್ಟುವುದು ಇಲ್ಲಿ. ಒಂದು τ ಆದಾಗ ಶೇ. 37 ಉಳಿದಿರುತ್ತದೆ, ಐದು τ ಆದಾಗ ಶೇ. 1ಕ್ಕಿಂತ ಕಡಿಮೆ.

ಈಗ ಇದನ್ನು ನೋಡಿ: ಈ ಲೆಕ್ಕದಲ್ಲಿ ಡಬ್ಬಿಯ ಸ್ವಂತ ಚಾರ್ಜ್ ಬಿಟ್ಟರೆ ಬೇರೆ ಯಾವ ಚಾರ್ಜೂ ಬರಲಿಲ್ಲ. ಮೈ ಎಷ್ಟು ದೂರ ಎನ್ನುವುದೂ ಬರಲಿಲ್ಲ. ಅಂದರೆ ಮೊದಲು q = 0 ಇದ್ದ ಜಾಗದಲ್ಲಿ ಯಾವತ್ತೂ q = 0. ಚಾರ್ಜ್ ನಡುವಿನಿಂದ ಅಲೆಯ ಹಾಗೆ ಹರಡುತ್ತಾ ಹೊರಗೆ ಬರುವುದಿಲ್ಲ. ಇದ್ದಲ್ಲೇ ಬಾಡುತ್ತದೆ, ಅದೇ ಹೊತ್ತಿಗೆ ಮೈಮೇಲೆ ಮೂಡುತ್ತದೆ. ಆ ಜಾಗಕ್ಕೂ ಮೈಗೂ ನಡುವೆ ಇರುವ ತಾಮ್ರದಲ್ಲಿ ಒಂದು ಕ್ಷಣವೂ ಹೆಚ್ಚುವರಿ ಚಾರ್ಜ್ ಕಾಣುವುದಿಲ್ಲ.

ಸಿಂದಗಿ_ಹುಡುಗ

ಸರ್, ಡಬ್ಬಿ ಲೆಕ್ಕ ತಿಳೀತು. ಆದ್ರ ನಡುವ ಹಾಯದ ಆಕಡಿ ಹೆಂಗ ಮುಟ್ಟತೈತಿ? ಅದ ತಿಳೀವಲ್ದು.

ತಿಳಕವಾಡಿ_ಮೇಷ್ಟ್ರು

ಹಾಯುತ್ತದಪ್ಪ, ಕರೆಂಟ್ ಹಾಯುತ್ತದೆ. ಚಾರ್ಜ್ ಕೂಡುವುದಿಲ್ಲ ಅಷ್ಟೆ. ಸಕ್ಕರೆ ಕಾರ್ಖಾನೆ ಮುಂದೆ ಕಬ್ಬಿನ ಟ್ರ್ಯಾಕ್ಟರ್ ಪಾಳಿ ನೋಡಿದ್ದೀಯಲ್ಲ? ಗೇಟಿನಿಂದ ಹಿಂದಕ್ಕೆ ಎರಡು ಕಿಲೋಮೀಟರ್. ಹಿಂದೆ ಒಬ್ಬ ನಡುವೆ ತೂರಿಸಿದ ಎಂದುಕೋ. ಅವನ ಮುಂದಿನವರೆಲ್ಲ ಒಂದೊಂದು ಗಾಡಿಯಷ್ಟು ಮುಂದೆ ಸರಿಯುತ್ತಾರೆ, ಗೇಟಿನ ಹತ್ತಿರ ಒಂದು ಗಾಡಿ ಹೆಚ್ಚಾಗುತ್ತದೆ. ತೂರಿದವನು ಗೇಟಿಗೆ ಬಂದನೇ? ಇಲ್ಲ. ನಡುವಿನ ರಸ್ತೆಯಲ್ಲಿ ಎಲ್ಲಾದರೂ ಗಾಡಿ ದಟ್ಟವಾಯಿತೇ? ಅದೂ ಇಲ್ಲ.

ಎಷ್ಟು ಸರಿಯಬೇಕು ಎಂದು ಲೆಕ್ಕ ಹಾಕೋಣ. ನಿನ್ನ 1 ಸೆಂ.ಮೀ. ಗುಂಡು, ಅದರ ನಟ್ಟನಡುವೆ 1 ಮಿ.ಮೀ. ಜಾಗದಲ್ಲಿ 1 ನ್ಯಾನೊಕೂಲಂಬ್‌ನಷ್ಟು ಹೆಚ್ಚಿನ ಎಲೆಕ್ಟ್ರಾನ್. ಎಣಿಸಿದರೆ ಸುಮಾರು 620 ಕೋಟಿ. ಇವು ಖಾಲಿಯಾಗಬೇಕಾದರೆ 5 ಮಿ.ಮೀ. ದೂರದಲ್ಲಿ ಎಳೆದ ಗೋಳದ ಮೂಲಕ ಅಷ್ಟೇ ಎಲೆಕ್ಟ್ರಾನ್ ಹೊರಗೆ ದಾಟಬೇಕು. ಆ ಗೋಳದ ವಿಸ್ತೀರ್ಣ 3.14×10⁻⁴ ಚದರ ಮೀಟರ್. ತಾಮ್ರದಲ್ಲಿ ಓಡಾಡುವ ಎಲೆಕ್ಟ್ರಾನ್ ಘನ ಮೀಟರಿಗೆ 8.5×10²⁸, ಅಂದರೆ 1.36×10¹⁰ ಕೂಲಂಬ್.

d = 10⁻⁹ / (3.14×10⁻⁴ × 1.36×10¹⁰) ≈ 2.3×10⁻¹⁶ m

ಇದು ಒಂದು ಪ್ರೋಟಾನಿನ ತ್ರಿಜ್ಯಕ್ಕಿಂತಲೂ ಚಿಕ್ಕದು. ಅಲ್ಲಿರುವ ಎಲ್ಲ ಎಲೆಕ್ಟ್ರಾನ್‌ಗಳೂ ಸರಾಸರಿ ಇಷ್ಟೇ ಹೊರಗೆ ಸರಿದರೆ ಕೆಲಸ ಮುಗಿಯಿತು. ಒಂದು ಸೆಂಟಿಮೀಟರ್ ಯಾರೂ ಓಡಬೇಕಾಗಿಲ್ಲ.

ಬೆಳಕಿನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. 5 ಮಿ.ಮೀ. ದೂರದ ಎಲೆಕ್ಟ್ರಾನಿಗೆ "ಸರಿ" ಎಂದು ಹೇಳುವವರು ಯಾರು? ಅದು ಇರುವ ಜಾಗದ ಕ್ಷೇತ್ರ. ನಡುವೆ ಚಾರ್ಜ್ ಇದೆ ಎಂದು ಶುರು ಮಾಡಿದ ಕ್ಷಣಕ್ಕೇ ಅದರ ಕ್ಷೇತ್ರ ಅಲ್ಲಿವರೆಗೂ ಹರಡಿಯೇ ಇರುತ್ತದೆ, ಗೌಸ್ ನಿಯಮ ಬೇರೆ ಏನನ್ನೂ ಒಪ್ಪುವುದಿಲ್ಲ. ಸುದ್ದಿ ಈಗ ಹೊರಡಬೇಕಾಗಿಲ್ಲ. "ಇದ್ದಕ್ಕಿದ್ದಂತೆ ಚಾರ್ಜ್ ಇಟ್ಟೆ" ಎನ್ನುವುದೇ ಬರೀ ಮಾತು. ಚಾರ್ಜನ್ನು ಎಲ್ಲಿಂದಲೋ ತರಬೇಕು, ತರುವಾಗಲೇ ಕ್ಷೇತ್ರವೂ ಬೆಳಕಿನ ವೇಗದಲ್ಲಿ ಹರಡುತ್ತಾ ಬರುತ್ತದೆ.

ಸಿಂದಗಿ_ಹುಡುಗ

ಸರ್, ಮೂರು ಸಲ ಓದಿದೆ. 2.3×10⁻¹⁶ ಬಂದಲ್ಲಿ ಕುಂತು ನಾನೂ ಬರದು ಗುಣಿಸಿ ನೋಡಿದೆ, ಅಷ್ಟ ಬಂತು. ಚಾರ್ಜ್ ಅಂದ್ರ ಒಂದು ಗುಂಡು ಉರುಳಿಕೋತ ಹೋದಂಗ ಅಂತ ತಿಳ್ಕೊಂಡಿದ್ದೆ, ಅದ ನನ್ನ ತಪ್ಪು. ಭಾಳ ಉಪಕಾರ ಆತ್ರಿ.

ವಿದ್ಯಾ_ನವನಗರ

ಮೇಷ್ಟ್ರೇ, ನಿಮ್ಮ ವಿವರಣೆ ಚೆನ್ನಾಗಿದೆ, ಆದರೆ ಹುಡುಗನ ಅನುಮಾನವನ್ನು ಅಲ್ಲಿಗೇ ಮುಚ್ಚಿಬಿಟ್ಟರೆ ಅನ್ಯಾಯ ಆಗುತ್ತದೆ. ತಾಮ್ರಕ್ಕೆ 1.5×10⁻¹⁹ ಸೆಕೆಂಡ್ ಅನ್ನುವ ಸಂಖ್ಯೆಯೇ ನಿಜವಲ್ಲ.

ಇಡೀ ಲೆಕ್ಕ ನಿಂತಿರುವುದು J = σE ಮೇಲೆ. ಈ ನಿಯಮ ಬರುವುದು ಎಲೆಕ್ಟ್ರಾನ್‌ಗಳು ಢಿಕ್ಕಿ ಹೊಡೆಯುತ್ತಾ ಹೋಗುವುದರಿಂದ. ತಾಮ್ರದಲ್ಲಿ ಕೋಣೆಯ ಉಷ್ಣತೆಯಲ್ಲಿ ಒಂದು ಢಿಕ್ಕಿಗೂ ಇನ್ನೊಂದಕ್ಕೂ ನಡುವೆ ಸುಮಾರು 2.4×10⁻¹⁴ ಸೆಕೆಂಡ್. τ ಅದಕ್ಕಿಂತ ಒಂದೂವರೆ ಲಕ್ಷ ಪಟ್ಟು ಸಣ್ಣದು. ಒಂದೂ ಢಿಕ್ಕಿ ಆಗಿರದ ಹೊತ್ತಿನಲ್ಲಿ ಓಮ್ ನಿಯಮ ಎಲ್ಲಿಂದ ಬರಬೇಕು? ಎಲೆಕ್ಟ್ರಾನ್ ಇನ್ನೂ ವೇಗವನ್ನೇ ಹಿಡಿದಿರುವುದಿಲ್ಲ.

ಎಲೆಕ್ಟ್ರಾನಿಗೆ ತೂಕ ಇದೆ ಎನ್ನುವುದನ್ನು ಸೇರಿಸಿ ಅದೇ ಡಬ್ಬಿಯ ಲೆಕ್ಕ ಮಾಡಿದರೆ ಹೀಗೆ ಬರುತ್ತದೆ, ρ ಅಂದರೆ ಚಾರ್ಜಿನ ಸಾಂದ್ರತೆ, τc ಅಂದರೆ ಆ ಢಿಕ್ಕಿಯ ಸಮಯ, ωp ಅಂದರೆ ಎಲೆಕ್ಟ್ರಾನ್‌ಗಳು ತೂಗಾಡುವ ಕೋನೀಯ ಆವರ್ತನ:

ρ″ + ρ′/τc + ωp² ρ = 0

ಇದು ಜೋಕಾಲಿಯ ಸಮೀಕರಣ. ತಾಮ್ರಕ್ಕೆ ωp ಸೆಕೆಂಡಿಗೆ ಸುಮಾರು 1.6×10¹⁶ ರೇಡಿಯನ್. ಹೆಚ್ಚಿನ ಎಲೆಕ್ಟ್ರಾನ್‌ಗಳು ಹೊರಗೆ ಸರಿಯುತ್ತವೆ, ಬೇಕಾದ್ದಕ್ಕಿಂತ ಮುಂದೆ ಹೋಗುತ್ತವೆ, ಅಲ್ಲಿ ಕೊರತೆ ಆಗುತ್ತದೆ, ಹಿಂದಕ್ಕೆ ಬರುತ್ತವೆ. ಹೀಗೆ ತೂಗಾಡುತ್ತಾ 2τc, ಅಂದರೆ ಸುಮಾರು 5×10⁻¹⁴ ಸೆಕೆಂಡಿನ ಅಳತೆಯಲ್ಲಿ ತಣ್ಣಗಾಗುತ್ತದೆ. ಅಷ್ಟರಲ್ಲಿ ನೂರಕ್ಕೂ ಮೇಲೆ ಸಲ ತೂಗಿರುತ್ತದೆ. ತೂಗಾಟ ಬಿಟ್ಟು ಹಳೆಯ ε/σ ವಾಪಸ್ ಬರಬೇಕೆಂದರೆ ωp·τc ಒಂದಕ್ಕಿಂತ ತುಂಬಾ ಸಣ್ಣದಿರಬೇಕು. ತಾಮ್ರದಲ್ಲಿ ಅದು ಸುಮಾರು 400.

ಒಂದು ವಿಚಿತ್ರವನ್ನೂ ಗಮನಿಸಿ. ಪುಸ್ತಕದ ಸೂತ್ರದ ಪ್ರಕಾರ ಲೋಹ ಒಳ್ಳೆಯದಾದಷ್ಟೂ ಚಾರ್ಜ್ ಬೇಗ ಹೋಗಬೇಕು. ನಿಜದಲ್ಲಿ τc ಉದ್ದವಾದಷ್ಟೂ ತೂಗಾಟ ಹೆಚ್ಚು ಹೊತ್ತು ನಡೆಯುತ್ತದೆ. ಪೂರ್ತಿ ಉಲ್ಟಾ. (ನನ್ನ ಈ ಲೆಕ್ಕವೂ ಅಂದಾಜೇ. ತಾಮ್ರದ ಒಳಗಟ್ಟಿನ ಎಲೆಕ್ಟ್ರಾನ್‌ಗಳೂ ಅಷ್ಟು ಹೆಚ್ಚಿನ ಆವರ್ತನದಲ್ಲಿ ಕೈ ಹಾಕುತ್ತವೆ, ಅದನ್ನು ಇಲ್ಲಿ ಬಿಟ್ಟಿದ್ದೇನೆ.)

ತಿಳಕವಾಡಿ_ಮೇಷ್ಟ್ರು

ಒಪ್ಪಿದೆ ವಿದ್ಯಾ. ನಾನು ಹೇಳಿದ್ದು ಓಮ್ ನಿಯಮ ಹಿಡಿಯುವಷ್ಟು ಹೊತ್ತಿನವರೆಗೆ ಸರಿ ಎಂದು ಮೊದಲೇ ಬರೆಯಬೇಕಿತ್ತು. ಎಲೆಕ್ಟ್ರಾನ್ ಎಷ್ಟು ಸರಿಯಬೇಕೆಂಬ ಲೆಕ್ಕ ಮಾತ್ರ ಎರಡರಲ್ಲೂ ನಿಲ್ಲುತ್ತದೆ.

ಸೂತ್ರ ನಿಜವಾಗಿ ಒಪ್ಪುವ ಜಾಗವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹುಡುಗ ಅದನ್ನು ಎಸೆದೇಬಿಡುತ್ತಾನೆ. ವಿಜಯಪುರ ಕಡೆಯ ಬೋರಿನ ನೀರು ತಗೋ. ಸವುಳು ನೀರಿಗೆ ಮೀಟರ್ ಅದ್ದಿದರೆ 1000 ಮೈಕ್ರೊಸೀಮೆನ್ಸ್ ಪ್ರತಿ ಸೆಂ.ಮೀ. ತೋರಿಸುವುದು ದೊಡ್ಡ ವಿಷಯವಲ್ಲ. ಅಂದರೆ σ = 0.1 S/m. ನೀರಿನ ε ನಿರ್ವಾತದ್ದಕ್ಕಿಂತ 78 ಪಟ್ಟು. τ ಸುಮಾರು 7×10⁻⁹ ಸೆಕೆಂಡ್. ಅದೇ ಅತಿ ಶುದ್ಧ ನೀರಾದರೆ σ 5.5×10⁻⁶, τ 1.3×10⁻⁴ ಸೆಕೆಂಡ್, ಹತ್ತಿರ ಹತ್ತಿರ ಇಪ್ಪತ್ತು ಸಾವಿರ ಪಟ್ಟು ನಿಧಾನ. ನೀರಿನೊಳಗಿನ ಅಯಾನು ಹೆಜ್ಜೆಗೊಮ್ಮೆ ಎಡವುತ್ತದೆ, ಅದರ ಢಿಕ್ಕಿಯ ಸಮಯ ಇವೆರಡಕ್ಕಿಂತ ಎಷ್ಟೋ ಸಣ್ಣದು. ಅಲ್ಲಿ ತೂಗಾಟವಿಲ್ಲ, e^(-t/τ) ಶುದ್ಧವಾಗಿ ನಡೆಯುತ್ತದೆ.

ಬನಹಟ್ಟಿ_ಮಗ್ಗ

ನಮಸ್ಕಾರ್ರಿ ಎಲ್ಲಾರಿಗೂ. ನಾ ಕಲತದ್ದು ಹತ್ತನೇತ್ತ ತನಕ. ನಮ್ಮದು ಪವರ್‌ಲೂಮ್, ಆರು ಮಗ್ಗ. ನೀವು ಚಾರ್ಜ್ ತಾಮ್ರದಾಗ ಕಣ್ಣ ಮುಚ್ಚಿ ತಗಿಯೂದ್ರಾಗ ಹೋಗತೈತಿ ಅನ್ನಾಕತ್ತೀರಿ. ಹಂಗಾರ ನಮ್ಮ ಮಗ್ಗದಾಗಿಂದು ಯಾಕ ಹೋಗವಲ್ದು?

ಹೋದ ವರ್ಷದಿಂದ ಪಾಲಿಯೆಸ್ಟರ್ ನೂಲು ಹಾಕಾಕತ್ತೀವಿ. ಪುಷ್ಯಮಾಸದಾಗ ಗಾಳಿ ಒಣಗಿತು ಅಂದ್ರ ಬೀಮ್ ಮ್ಯಾಲಿನ ಹಾಸಿನ ಎಳಿ ಒಂದಕ್ಕೊಂದು ದೂರ ನಿಂತು ಬೆಕ್ಕಿನ ಮೈಗೂದಲದಂಗ ಸೆಟದು ನಿಲ್ಲತಾವ. ಕೈ ಹತ್ತರ ಒಯ್ದ್ರ ಎಳಿ ಬಂದು ಬೆರಳಿಗೆ ಅಂಟತಾವ. ಎಳಿ ಕಡದು ಕಡದು ಹೊಂಟಿದ್ವು. ಎಲೆಕ್ಟ್ರಿಷಿಯನ್ ಬಂದು ಮಗ್ಗದ ಫ್ರೇಮಿಗೆ ದಪ್ಪ ತಾಮ್ರದ ವೈರ್ ಕಟ್ಟಿ ಅರ್ಥಿಂಗ್ ಮಾಡಿ ರೊಕ್ಕ ತಗೊಂಡು ಹ್ವಾದ. ಎಳಿ ಇನ್ನೂ ಅಂಟತಾವ. ತಾಮ್ರ ಖೊಟ್ಟಿ ಇತ್ತೇನು ಅಂತ ನನಗ ಸಂಶೇ.

ಎಲೆಕ್ಟ್ರಿಕಲ್_ಬಸು

ಅಣ್ಣಾರ, ಅರ್ಥ್ ಪಿಟ್ ಒಣಗಿರಬೇಕ್ರಿ. ಉಪ್ಪು, ಇದ್ದಲಿ ಹಾಕಿ ನೀರು ಬಿಡ್ರಿ, ಸರಿ ಆಗತೈತಿ.

ವಿದ್ಯಾ_ನವನಗರ

ಬಸು ಅವರೇ, ಪಿಟ್ ಸರಿ ಇದ್ದರೂ ಎಳೆ ಅಂಟುತ್ತದೆ. ಅಣ್ಣಾ, ನಿಮ್ಮ ತಾಮ್ರ ಖೊಟ್ಟಿ ಅಲ್ಲ. ಚಾರ್ಜ್ ಕೂತಿರುವುದು ಪಾಲಿಯೆಸ್ಟರ್ ಮೇಲೆ. ಲೆಕ್ಕಕ್ಕೆ ಬರುವ τ ಚಾರ್ಜ್ ದಾಟಿ ಬರಬೇಕಾದ ವಸ್ತುವಿನದು, ದಾರಿಯ ಕೊನೆಗೆ ಕಟ್ಟಿದ ತಂತಿಯದಲ್ಲ. ಎಳೆಯಿಂದ ಫ್ರೇಮಿನವರೆಗೆ ಬಂದರೆ ತಾನೆ ತಾಮ್ರಕ್ಕೆ ಕೆಲಸ? ಅರ್ಥಿಂಗ್ ಬೇಕೇ ಬೇಕು, ಅದರಿಂದ ಫ್ರೇಮ್ ನಿಮಗೆ ಹೊಡೆಯುವುದಿಲ್ಲ. ಆದರೆ ಅದು ನೂಲಿನ ಚಾರ್ಜನ್ನು ಮುಟ್ಟಲಾರದು.

ನೀವು ಮೊದಲು ಹತ್ತಿ ನೇಯ್ದಾಗ ಈ ತ್ರಾಸ ಇಷ್ಟು ಇರಲಿಕ್ಕಿಲ್ಲ. ಸಾಮಾನ್ಯ ತೇವದಲ್ಲಿ ಹತ್ತಿ ತನ್ನ ಒಣ ತೂಕದ ಶೇ. 8.5ರಷ್ಟು ನೀರು ಹಿಡಿದಿರುತ್ತದೆ, ಪಾಲಿಯೆಸ್ಟರ್ ಶೇ. 0.4 ಮಾತ್ರ. ಆ ನೀರೇ ಅಲ್ಲಿಯ σ. ಗಾಳಿ ಒಣಗಿದರೆ ಅದೂ ಹೋಗುತ್ತದೆ, τ ಸೆಕೆಂಡಿನಿಂದ ನಿಮಿಷಕ್ಕೆ, ಗಂಟೆಗೆ ಏರುತ್ತದೆ. ಮಗ್ಗದಲ್ಲಿ ಎಳೆ ಉಜ್ಜಿ ಉಜ್ಜಿ ಹೊಸ ಚಾರ್ಜ್ ಬರುತ್ತಲೇ ಇರುತ್ತದೆ. ಹಳೆಯದು ಖಾಲಿಯಾಗುವುದಕ್ಕಿಂತ ಬೇಗ ಹೊಸದು ಬಂದರೆ ಕೂಡುತ್ತಾ ಹೋಗುತ್ತದೆ.

ನೆಲಕ್ಕೆ ನೀರು ಹೊಡೆದು, ಕಿಟಕಿಗೆ ಹಸಿ ಗೋಣಿತಟ್ಟು ಕಟ್ಟಿ ನೋಡಿ. ನೂಲಿಗೆ ಹಚ್ಚುವ ಆಂಟಿಸ್ಟ್ಯಾಟಿಕ್ ಎಣ್ಣೆಯೂ ಸಿಗುತ್ತದೆ, ಅದು ಎಳೆಯ ಮೈಮೇಲೆ ತೇವ ಹಿಡಿದಿಡುತ್ತದೆ.

ಬನಹಟ್ಟಿ_ಮಗ್ಗ

ಹತ್ತಿ ಇದ್ದಾಗ ಈ ಕಾಟ ಇರ್ಲೇ ಇಲ್ಲ, ಖರೇ ಹೇಳಿದ್ರಿ ಅಕ್ಕಾರ. ಹೋಗೂದಕ್ಕ ಎಷ್ಟು ಹೊತ್ತು ಬೇಕು ಅಂತ ನಾನ ಅಳಿಯಾಕ ಬರತೈತೇನು?

ತಿಳಕವಾಡಿ_ಮೇಷ್ಟ್ರು

ಬರುತ್ತದೆ. ಮಗ್ಗ ನಿಲ್ಲಿಸಿ. ನೂಲಿನ ಒಂದು ಲಡಿಯನ್ನು ಒಣ ಬಟ್ಟೆಯಿಂದ ಹತ್ತು ಸಲ ಉಜ್ಜಿ ಮರದ ಕೋಲಿಗೆ ನೇತುಹಾಕಿ. ಬೀಡಿ ಕಾಗದದಷ್ಟು ತೆಳುವಾದ ಕಾಗದದ ಚೂರನ್ನು ದಾರಕ್ಕೆ ಕಟ್ಟಿ ಅದರ ಹತ್ತಿರ ಹಿಡಿಯಿರಿ. ಎಷ್ಟು ದೂರದಿಂದ ಚೂರು ವಾಲುತ್ತದೆ ಎಂದು ಮೊಬೈಲಿನ ಗಡಿಯಾರ ನೋಡಿ ಬರೆದುಕೊಳ್ಳಿ. ಚೂರು ಲಡಿಗೆ ಅಂಟಿದರೆ ಆ ಸಲದ್ದು ಬಿಟ್ಟುಬಿಡಿ, ಅಂಟಿದ ಚೂರಿಗೂ ಚಾರ್ಜ್ ಹತ್ತುತ್ತದೆ. ಒಂದು ಎಚ್ಚರ: ಕಾಗದವನ್ನು ಎಳೆಯುವ ಬಲ ಚಾರ್ಜಿನ ವರ್ಗಕ್ಕೆ ತಕ್ಕಂತೆ ಇರುತ್ತದೆ. ಚಾರ್ಜ್ ಅರ್ಧಕ್ಕೆ ಇಳಿದಾಗ ಎಳೆತ ಕಾಲು ಭಾಗಕ್ಕೆ ಇಳಿದಿರುತ್ತದೆ. ಹಾಗಾಗಿ ಎಳೆತ ನಿಂತಿತೆಂದರೆ ಚಾರ್ಜ್ ಪೂರ್ತಿ ಹೋಯಿತೆಂದಲ್ಲ.

ಸಿಂದಗಿ_ಹುಡುಗ

ಮೇಷ್ಟ್ರ, ವಿದ್ಯಾ ಮೇಡಂ, ನಡುವ ಬಾಯಿ ಹಾಕತೀನಿ, ಸಿಟ್ಟಾಗಬ್ಯಾಡ್ರಿ. ಪರೀಕ್ಷೆಯೊಳಗ ತಾಮ್ರದ τ ಕೇಳಿದ್ರ ಏನು ಬರೀಲಿ? 10⁻¹⁹ ಬರದ್ರ ಸುಳ್ಳು, ಬರೀದಿದ್ರ ಮಾರ್ಕ್ ಇಲ್ಲ.

ತಿಳಕವಾಡಿ_ಮೇಷ್ಟ್ರು

10⁻¹⁹ ಬರಿ. ಪ್ರಶ್ನೆ ಕೇಳಿದ್ದು ε/σ ಎಷ್ಟು ಎಂದು. ಅದರ ಕೆಳಗೆ ಒಂದು ಸಾಲು ಸೇರಿಸು: ಇದು ಢಿಕ್ಕಿಯ ಸಮಯಕ್ಕಿಂತ ಸಣ್ಣದಾದ್ದರಿಂದ ಲೋಹಕ್ಕೆ ಓಮ್ ನಿಯಮದ ಈ ಲೆಕ್ಕ ನಿಲ್ಲದು.

ವಿದ್ಯಾ_ನವನಗರ

ನನಗೆ ಇದು ಒಪ್ಪಿಗೆಯಿಲ್ಲ ಮೇಷ್ಟ್ರೇ. ತಾಮ್ರದ ಉದಾಹರಣೆಯನ್ನೇ ಪಾಠದಿಂದ ತೆಗೆಯಬೇಕು. ಸೂತ್ರ ಕಲಿಸಲು ಸೂತ್ರ ಮುರಿದು ಬೀಳುವ ವಸ್ತುವನ್ನೇ ಯಾಕೆ ಆರಿಸಬೇಕು? ಬೋರಿನ ನೀರು ಇದೆ, ಡೀಸೆಲ್ ಇದೆ. ಡೀಸೆಲ್‌ನ σ 1 ಪಿಕೊಸೀಮೆನ್ಸ್ ಪ್ರತಿ ಮೀಟರಿಗೆ ಇಳಿದರೆ τ ಹದಿನೆಂಟು ಸೆಕೆಂಡಿನ ಮೇಲೆ. ಟ್ಯಾಂಕರ್ ತುಂಬಿದ ಕೂಡಲೇ ಅಳತೆಗೋಲು ಇಳಿಸಬೇಡಿ, ಸ್ವಲ್ಪ ಹೊತ್ತು ಬಿಡಿ ಎನ್ನುವುದು ಆ ಸೆಕೆಂಡುಗಳಿಗಾಗಿ. ಮಕ್ಕಳಿಗೆ ಅದು ಕಣ್ಣಿಗೆ ಕಾಣುವ τ.

ತಿಳಕವಾಡಿ_ಮೇಷ್ಟ್ರು

ನೀರು, ಡೀಸೆಲ್ ಸೇರಿಸೋಣ. ತಾಮ್ರ ತೆಗೆಯುವುದು ಬೇಡ. ತಾಮ್ರ ಇದ್ದದ್ದಕ್ಕೇ ಈ ಹುಡುಗ ಬೆಳಕಿನ ದೂರ ಗುಣಿಸಿ ನೋಡಿದ್ದು.

ಬನಹಟ್ಟಿ_ಮಗ್ಗ

ನಾಕು ದಿನ ಆತ್ರಿ, ಅಳದು ಬರೀತೀನಿ ಅಂದಿದ್ದೆ. ಮುಂಜಾನೆ ನೆಲಕ್ಕ ನೀರು ಹೊಡದು ಗೋಣಿತಟ್ಟು ಕಟ್ಟಿದ ಮ್ಯಾಲ ಕಾಗದದ ಎಳತ ಒಂದು ನಿಮಿಷದೊಳಗ ನಿಂತು ಹೋತು. ಮಧ್ಯಾಹ್ನ ತಟ್ಟು ಒಣಗಿದ ಮ್ಯಾಲ ನೋಡಿದ್ರ ಹದಿನೈದು ನಿಮಿಷ ಆದ್ರೂ ಚೂರು ಇನ್ನೂ ವಾಲತಿತ್ತು. ಎಳಿ ಕಡಿಯೂದು ಮುಂಜಾನಿ ಪಾಳಿಯೊಳಗ ಕಮ್ಮಿ ಆಗೈತಿ.

ಒಂದು ಮಾತು ಮಾತ್ರ ನಿಮ್ಮ ಲೆಕ್ಕಕ್ಕ ಕೂಡವಲ್ದು. ಮಧ್ಯಾಹ್ನದ್ದು ಮೊದಲಿನ ಎರಡು ನಿಮಿಷದಾಗ ಎಳತ ಭಾಳ ಇಳೀತು, ಆಮ್ಯಾಲ ಇಳಿಯೂದ ನಿಂತಂಗ ಆತು. ಪ್ರತಿ ನಿಮಿಷಕ್ಕ ಅಷ್ಟಷ್ಟ ಪಾಲು ಹೋಗಬೇಕಿತ್ತಲ್ರಿ?

ತಿಳಕವಾಡಿ_ಮೇಷ್ಟ್ರು

ಭಾಳ ಚೆನ್ನಾಗಿ ಅಳೆದಿದ್ದೀರಿ. ಅಷ್ಟಷ್ಟೇ ಪಾಲು ಹೋಗಬೇಕಾದರೆ ಎಲ್ಲ ಕಡೆ σ ಒಂದೇ ಇರಬೇಕು, ಅದು ಚಾರ್ಜಿನ ಮೇಲೆ ಅವಲಂಬಿಸಿರಬಾರದು. ನಿಮ್ಮ ಲಡಿಯಲ್ಲಿ ಎರಡೂ ಇಲ್ಲ. ಹೊರಗಿನ ಎಳೆಗೆ ಗಾಳಿಯ ತೇವ ತಾಗುತ್ತದೆ, ಒಳಗಿನದಕ್ಕೆ ಇಲ್ಲ, ಅಂದರೆ ಒಂದೇ ಲಡಿಯಲ್ಲಿ ಹತ್ತಾರು τ. ಬೇಗ ಹೋಗುವುದು ಮೊದಲು ಹೋಗಿ ನಿಧಾನದ್ದು ಉಳಿಯುತ್ತದೆ.

ವಿದ್ಯಾ_ನವನಗರ

ಅದೊಂದೇ ಕಾರಣ ಇರಲಿಕ್ಕಿಲ್ಲ. ತುಂಬಾ ಕೆಟ್ಟ ವಾಹಕದಲ್ಲಿ ಕರೆಂಟ್ ಒಯ್ಯುವುದು ಆ ಹೆಚ್ಚುವರಿ ಚಾರ್ಜೇ, ಬೇರೆ ಎಲೆಕ್ಟ್ರಾನ್ ಅಲ್ಲಿ ಇರುವುದಿಲ್ಲ. ಚಾರ್ಜ್ ಇಳಿದರೆ σ ಕೂಡ ಇಳಿಯುತ್ತದೆ. ಆಗ e^(-t/τ) ಬದಲು 1/(1+t/t₀) ರೀತಿ ಇಳಿಯುತ್ತದೆ, ಅದರ ಬಾಲ ಉದ್ದ. ಕಬ್ಬಿನ ಪಾಳಿ ಇಲ್ಲಿ ನಡೆಯುವುದಿಲ್ಲ, ರಸ್ತೆಯಲ್ಲಿ ಇರುವುದು ತೂರಿಸಿದ ಗಾಡಿಗಳು ಮಾತ್ರ.

ಅಣ್ಣಾ, ಲಡಿ ಬಿಟ್ಟು ಒಂದೇ ಎಳೆ ಬಿಗಿದು ಕಟ್ಟಿ ಅಳೆಯಲು ಆಗುತ್ತದಾ? ಒಂದೇ ಎಳೆಯಲ್ಲೂ ಉದ್ದ ಬಾಲ ಬಂದರೆ ನನ್ನ ಕಾರಣಕ್ಕೆ ಬಲ ಬರುತ್ತದೆ. ಬಾಲ ಹೋದರೆ ಮೇಷ್ಟ್ರು ಹೇಳಿದ್ದು ಸರಿ.

ಬನಹಟ್ಟಿ_ಮಗ್ಗ

ಒಂದ ಎಳಿಗೆ ಕಾಗದ ವಾಲತೈತೋ ಇಲ್ಲೋ, ನೋಡಬೇಕು. ಐತವಾರ ಮಗ್ಗ ಬಂದ್ ಇರತಾವ, ಅವತ್ತ ಕಟ್ಟತೀನಿ.

ಸಿಂದಗಿ_ಹುಡುಗ

ಅಣ್ಣಾರ, ಐತವಾರ ನಾನೂ ಬರಲೇನು? ಗಡಿಯಾರ ನಾ ಹಿಡೀತೀನಿ, ನೀವು ಕಾಗದ ಹಿಡೀರಿ.